‘ಸೂಕ್ತ ಕ್ರಮ’ ಎಂಬ ಖಾಲಿ ಕೊಡ

ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲವೆಂದು ನಗರಸಭೆಗೋ ಪುರಸಭೆಗೋ ಅರ್ಜಿ ಬರೆಯಲು ಕುಳಿತರೆ ನಮ್ಮ ನಾಡಿನ ಯಾವ ಊರಿನಲ್ಲಾದರೂ ಲೇಖನಿಯಿಂದ ಇಳಿಯುವುದು ಹೆಚ್ಚುಕಡಿಮೆ ಒಂದೇ ವಾಕ್ಯ: “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಸನ್ನಿಧಾನದಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಬಡಾವಣೆಯಲ್ಲಿ ಸುಮಾರು ದಿನಗಳಿಂದ ನೀರು ಸರಿಯಾಗಿ ಸರಬರಾಜು ಆಗುತ್ತಿಲ್ಲವಾದ್ದರಿಂದ ಸಾರ್ವಜನಿಕರಿಗೆ ತುಂಬಾ ತೊಂದರೆಯಾಗುತ್ತಿದ್ದು, ದಯಾಳುಗಳಾದ ತಾವುಗಳು ಸದರಿ ವಿಷಯವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುತ್ತೇವೆ.” ಪ್ರೌಢಶಾಲೆಯ ಪತ್ರಲೇಖನದ ಪಾಠದಲ್ಲಿ ಕಲಿತದ್ದು ಇದು, ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವವರು ಬರೆಯುವುದೂ ಇದೇ. ಹೀಗೆ ಬರೆದರೆ ಮಾತ್ರ ಮರ್ಯಾದೆ, ಹೀಗೆ ಬರೆದರೆ ಮಾತ್ರ ಅದು ಅರ್ಜಿ, ಆಡುವ ಮಾತಿನಲ್ಲಿ ಬರೆದರೆ ಅಧಿಕಾರಿ ಮುನಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಓದಿದವರಲ್ಲೂ ಓದದವರಲ್ಲೂ ಒಂದೇ ಸಮನೆ ಬೇರೂರಿದೆ. ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ಈ ವಾಕ್ಯದಲ್ಲಿ ಮರ್ಯಾದೆಯೂ ಇಲ್ಲ, ದೂರೂ ಇಲ್ಲ. ನೀರು ಬಾರದವರಿಗೆ ಅದು ಮಾಡುವ ಕೇಡಂತೂ ನಿಜವಾದದ್ದು.

ವಾಕ್ಯವನ್ನು ಬಿಡಿಸಿ ನೋಡೋಣ. ‘ನಮ್ಮ ಬಡಾವಣೆ’ ಎಂದರೆ ಐದಾರು ಅಡ್ಡರಸ್ತೆಗಳು. ತೊಂದರೆ ಅದರಲ್ಲಿ ಯಾವುದಕ್ಕೆ ಎಂಬುದು ಇಲ್ಲ. ‘ಸುಮಾರು ದಿನಗಳಿಂದ’ ಎಂದರೆ ಒಂದು ವಾರವೂ ಆಗಬಹುದು, ಆರು ತಿಂಗಳೂ ಆಗಬಹುದು. ‘ಸರಿಯಾಗಿ’ ಎಂಬ ಪದಕ್ಕೆ ಅರ್ಥ ಬರಬೇಕಾದರೆ ಸರಿಯೆಂದರೆ ಏನು ಎಂಬುದು ಗೊತ್ತಿರಬೇಕು; ಆ ರಸ್ತೆಗೆ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ನೀರಿನ ಸರದಿ ಎಂಬುದನ್ನು ವಾಕ್ಯ ಹೇಳುವುದೇ ಇಲ್ಲ. ‘ಸಾರ್ವಜನಿಕರು’ ಎಂದಾಗ ಕೊಡ ಹಿಡಿದು ಕಾಯುವ ಮನೆಯವರು ಕಣ್ಮರೆಯಾಗುತ್ತಾರೆ. ‘ಆಗುತ್ತಿಲ್ಲವಾದ್ದರಿಂದ’, ‘ಆಗುತ್ತಿದ್ದು’ ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋಗುವುದರಿಂದ ಯಾವ ಸಂಗತಿಯೂ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುವ ಕ್ರಿಯಾಪದ ಒಂದೇ ಒಂದು, ಅದು ‘ಪ್ರಾರ್ಥಿಸಿಕೊಳ್ಳುತ್ತೇವೆ’. ಅಂದರೆ ಇಡೀ ಅರ್ಜಿ ಖಚಿತವಾಗಿ ತಿಳಿಸುವುದು ಬರೆದವರು ಕೈಮುಗಿದಿದ್ದಾರೆ ಎಂಬುದನ್ನು ಮಾತ್ರ. ‘ನೀರು’ ಎಂಬ ಪದ ಬದಲಿಸಿದರೆ ಇದೇ ವಾಕ್ಯ ಬೀದಿದೀಪಕ್ಕೂ ಆದೀತು, ಚರಂಡಿಗೂ ಆದೀತು.

ಬೇರೆ ದೂರುಗಳಿಗೆ ಇಂಥ ಅಸ್ಪಷ್ಟತೆ ಅಷ್ಟು ಮಾರಕವಾಗದಿರಬಹುದು. ಪೈಪು ಒಡೆದು ರಸ್ತೆಯಲ್ಲಿ ನೀರು ಹರಿಯುತ್ತಿದ್ದರೆ ಅರ್ಜಿ ಎಷ್ಟೇ ಮಸುಕಾಗಿದ್ದರೂ ನೋಡಲು ಬಂದವರ ಕಣ್ಣಿಗೆ ಸೋರಿಕೆ ಬಿದ್ದೇ ಬೀಳುತ್ತದೆ. ಕೆಟ್ಟ ಬೀದಿದೀಪ ರಾತ್ರಿ ತಾನೇ ಸಾಕ್ಷಿ ಹೇಳುತ್ತದೆ. ಆದರೆ ನೀರಿನ ಅನಿಯಮಿತತೆ ಕಣ್ಣಿಗೆ ಕಾಣುವ ವಸ್ತುವಲ್ಲ. ಯಾವುದೋ ಒಂದು ದಿನ ಬಂದು ನೋಡಿದವರಿಗೆ ಕಾಣುವುದು ಎರಡರಲ್ಲಿ ಒಂದು: ಅಂದು ನೀರು ಬರುತ್ತಿದೆ, ಇಲ್ಲವೇ ಅಂದು ಆ ರಸ್ತೆಯ ಸರದಿಯೇ ಅಲ್ಲ. ಎರಡೂ ಸಂದರ್ಭದಲ್ಲಿ ತಪ್ಪು ಕಾಣುವುದಿಲ್ಲ. ಅನಿಯಮಿತತೆ ಇರುವುದು ದಿನಾಂಕಗಳ ನಡುವಿನ ಅಂತರದಲ್ಲಿ. ಬರಬೇಕಾದ ದಿನಗಳನ್ನೂ ಬಂದ ದಿನಗಳನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಅದು ಗೋಚರವಾಗುತ್ತದೆ. ಹಾಗಾಗಿ ಈ ದೂರಿನಲ್ಲಿ ಅರ್ಜಿಯೇ ಸಾಕ್ಷ್ಯ; ಅದರ ಹೊರಗೆ ಬೇರೆ ಸಾಕ್ಷ್ಯವಿಲ್ಲ. ದಿನಾಂಕವಿಲ್ಲದ ಅರ್ಜಿಯನ್ನು ಕೊಡುವುದೆಂದರೆ ಇದ್ದ ಒಂದೇ ಸಾಕ್ಷಿಯನ್ನು ಮನೆಯಲ್ಲಿ ಬಿಟ್ಟು ನ್ಯಾಯ ಕೇಳಲು ಹೋದಂತೆ.

ಕಚೇರಿಯೊಳಗೆ ಆ ಕಾಗದ ನಡೆಯುವ ದಾರಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಟಪಾಲಿನಲ್ಲಿ ಅದಕ್ಕೆ ಮೊಹರು ಬಿದ್ದು ಸಂಖ್ಯೆ ಸಿಗುತ್ತದೆ. ಪೌರಾಯುಕ್ತರ ಮೇಜಿನಿಂದ ನೀರು ಸರಬರಾಜು ನೋಡಿಕೊಳ್ಳುವ ಇಂಜಿನಿಯರ್ ಬಳಿಗೆ ‘ಪರಿಶೀಲಿಸಿ ವರದಿ ಮಾಡಿ’ ಎಂಬ ಷರಾದೊಂದಿಗೆ ಇಳಿಯುತ್ತದೆ. ಅವರು ಆ ಭಾಗದ ವಾಲ್ವ್‌ಮನ್‌ನನ್ನು ಕೇಳುತ್ತಾರೆ. ‘ನೀರು ಬಿಡ್ತಾ ಇದೀನಿ ಸಾರ್’ ಎಂದು ಆತ ಹೇಳಿದರೆ ಅದು ಸುಳ್ಳಾಗಬೇಕಾಗಿಲ್ಲ; ಬಿಟ್ಟ ದಿನಗಳೂ ಇವೆಯಲ್ಲ. ಅದನ್ನು ಅಲ್ಲಗಳೆಯುವ ಒಂದು ಸಂಗತಿಯೂ ಅರ್ಜಿಯಲ್ಲಿ ಇಲ್ಲದಿರುವಾಗ ಇಂಜಿನಿಯರ್ ಏನು ಬರೆಯಬೇಕು? ಹಿಂಬರಹ ಹೊರಬೀಳುತ್ತದೆ: ‘ತಮ್ಮ ಅರ್ಜಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ.’ ಕೇಳಿದ್ದು ಪರಿಶೀಲನೆ, ಪರಿಶೀಲಿಸಿದ್ದಾಯಿತು. ಕೇಳಿದ್ದು ಸೂಕ್ತ ಕ್ರಮ, ಯಾವುದು ಸೂಕ್ತ ಎಂಬುದನ್ನು ನಿರ್ಧರಿಸುವ ಹಕ್ಕನ್ನು ಅರ್ಜಿದಾರರೇ ಬಿಟ್ಟುಕೊಟ್ಟಿದ್ದರು. ಕಡತ ಮುಚ್ಚಿತು. ಕಚೇರಿಯ ಖಾಲಿ ಮಾತನ್ನು ನಾವು ದೂರುತ್ತೇವೆ, ಆದರೆ ಆ ಖಾಲಿ ಕೊಡವನ್ನು ಮೊದಲು ಅಲ್ಲಿಗೆ ಹೊತ್ತು ತಂದವರು ನಾವೇ.

ಹಾಗಾದರೆ ಹೇಗೆ ಬರೆಯಬೇಕು? ಉದಾಹರಣೆಗೆಂದು ಒಂದು ರಸ್ತೆಯನ್ನು ಕಲ್ಪಿಸಿಕೊಳ್ಳೋಣ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎರಡು ಗಂಟೆ ನೀರು ಬಿಡುವ ಸರದಿ. ರಸ್ತೆಯ ಮೇಲ್ತುದಿಯಲ್ಲಿ ಇಪ್ಪತ್ತು ಮನೆ, ಇಳಿಜಾರು ಮುಗಿದು ಮತ್ತೆ ಏರುವ ಕೊನೆಯಲ್ಲಿ ಹದಿನಾಲ್ಕು ಮನೆ. ಅಲ್ಲಿನವರು ಒಂದು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನ, ಶುರುವಾದ ಹೊತ್ತು, ನಿಂತ ಹೊತ್ತು ಇಷ್ಟನ್ನು ಗುರುತು ಹಾಕಿದರು. ಒಂದು ಬಕೆಟ್ ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಇಟ್ಟು ನೋಡಿದರು. ಪಕ್ಕದ ರಸ್ತೆಯವರನ್ನು ವಿಚಾರಿಸಿದರು. ಸಿದ್ಧತೆ ಇಷ್ಟೇ. ಅವರ ಅರ್ಜಿ ಹೀಗಿರಬಹುದು:

“ಪೌರಾಯುಕ್ತರಿಗೆ, ನಗರಸಭೆ. ದಿನಾಂಕ: ಜೂನ್ 29.

ವಿಷಯ: 7ನೇ ವಾರ್ಡಿನ 3ನೇ ಅಡ್ಡರಸ್ತೆಗೆ ಸರದಿಯ ದಿನ ನೀರು ಬಾರದಿರುವುದು.

ಮಾನ್ಯರೇ, ನಮ್ಮ ರಸ್ತೆಗೆ ಮೂರು ದಿನಕ್ಕೊಮ್ಮೆ ಬೆಳಿಗ್ಗೆ 6ರಿಂದ 8ರವರೆಗೆ ನೀರು ಬಿಡುವ ಸರದಿ ಇದೆ. ಜೂನ್ 1ರಿಂದ 28ರವರೆಗಿನ ಹತ್ತು ಸರದಿಗಳಲ್ಲಿ ಆರು ಸಲ ನೀರು ಬಂದಿದೆ. ಜೂನ್ 7, 13, 19 ಮತ್ತು 25ರಂದು ಇಡೀ ರಸ್ತೆಗೆ ಬಂದಿಲ್ಲ. ಆ ನಾಲ್ಕೂ ದಿನ ಪಕ್ಕದ 2ನೇ ಅಡ್ಡರಸ್ತೆಗೆ ಬಂದಿತ್ತು.

ನೀರು ಬಂದ ದಿನಗಳಲ್ಲಿ ಮೇಲ್ತುದಿಯ ಮನೆಗಳಿಗೆ ಎರಡು ಗಂಟೆ ಪೂರ್ತಿ ಸಿಗುತ್ತದೆ. ಕೊನೆಯ ಹದಿನಾಲ್ಕು ಮನೆಗಳಿಗೆ ಮಾತ್ರ ಸುಮಾರು 40 ನಿಮಿಷ ಸಣ್ಣದಾಗಿ ಬರುತ್ತದೆ. 15 ಲೀಟರ್ ಬಕೆಟ್ ತುಂಬಲು 3 ನಿಮಿಷ ಬೇಕು. ಸಮಯ ಬರೆದಿಟ್ಟ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ.

ದಯವಿಟ್ಟು ಎರಡು ಕೆಲಸ ಮಾಡಿಸಿಕೊಡಿ. ಆ ನಾಲ್ಕು ದಿನ ನಮ್ಮ ರಸ್ತೆಯ ವಾಲ್ವ್ ಏಕೆ ತೆರೆಯಲಿಲ್ಲ ಎಂದು ವಿಚಾರಿಸಿ, ಮುಂದೆ ಸರದಿ ತಪ್ಪದಂತೆ ನೋಡಿಕೊಳ್ಳಿ. ಸರದಿಯೇ ಬದಲಾಗಿದ್ದರೆ ಹೊಸ ದಿನ ಮತ್ತು ಹೊತ್ತನ್ನು ತಿಳಿಸಿ. ಎರಡನೆಯದಾಗಿ, ಜುಲೈ 4ರ ಸರದಿಯಂದು ಬೆಳಿಗ್ಗೆ ಇಂಜಿನಿಯರ್ ಅವರನ್ನು ಕಳಿಸಿ ಕೊನೆಯ ಮನೆಗಳಲ್ಲಿ ಒತ್ತಡವನ್ನು ನೋಡಿಸಿ. ನಮ್ಮಲ್ಲಿ ಇಬ್ಬರು ಅಂದು ಜೊತೆಗಿದ್ದು ತೋರಿಸುತ್ತೇವೆ. ಏನು ಮಾಡಲಾಯಿತು ಎಂದು 15 ದಿನದೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ. ವಂದನೆಗಳು.”

ಇದರಲ್ಲಿ ಒಬ್ಬ ಇಂಜಿನಿಯರ್‌ಗೆ ಏನೆಲ್ಲ ಸಿಕ್ಕಿತು ನೋಡಿ. ಜೂನ್ 7ರಿಂದ ಮುಂದೆ ನೀರು ತಪ್ಪಿದ್ದು ಮನಸ್ಸಿಗೆ ಬಂದಂತಲ್ಲ, ಒಂದು ಬಿಟ್ಟು ಒಂದು ಸರದಿ. ಪಕ್ಕದ ರಸ್ತೆಗೆ ಅದೇ ದಿನ ನೀರು ಬಂದದ್ದರಿಂದ ಪಂಪು ಕೆಟ್ಟಿತ್ತು, ಕರೆಂಟ್ ಇರಲಿಲ್ಲ, ಟ್ಯಾಂಕ್ ತುಂಬಿರಲಿಲ್ಲ ಎಂಬ ಕಾರಣಗಳು ಬಹುಮಟ್ಟಿಗೆ ಬಿದ್ದುಹೋಗುತ್ತವೆ. ಉಳಿಯುವುದು ಈ ರಸ್ತೆಯ ವಾಲ್ವ್. ಒಂದು ಬಿಟ್ಟು ಒಂದು ಸರದಿಗೆ ಬೇರೆಯವರ ಪಾಳಿ ಇದೆಯೇ, ಅವರಿಗೆ ಈ ವಾಲ್ವ್ ಗೊತ್ತಿದೆಯೇ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕೀತು. ಕೊನೆಯ ಮನೆಗಳ ತೊಂದರೆ ಬೇರೆಯದು. ಅಲ್ಲಿ ವಾಲ್ವ್ ತೆರೆದಿದ್ದೂ ಒತ್ತಡ ಸಾಲದು. ವಾಲ್ವ್ ಪೂರ್ತಿ ತೆರೆದಿಲ್ಲವೋ, ಮೇಲಿನ ಮನೆಗಳಲ್ಲಿ ಲೈನಿಗೇ ಮೋಟಾರ್ ಹಾಕಿ ಎಳೆಯುತ್ತಿದ್ದಾರೋ, ಹಳೆಯ ಪೈಪಿನಲ್ಲಿ ಕಸ ಕಟ್ಟಿದೆಯೋ, ಪೈಪಿನ ಅಳತೆಯೇ ಚಿಕ್ಕದೋ ಎಂಬುದನ್ನು ಸ್ಥಳದಲ್ಲಿ, ನೀರು ಬಿಟ್ಟ ಹೊತ್ತಿನಲ್ಲಿ ಮಾತ್ರ ತಿಳಿಯಬಹುದು. ‘ಸರಿಯಾಗಿ ಬರುತ್ತಿಲ್ಲ’ ಎಂಬ ಒಂದೇ ಮಾತು ಬೇರೆ ಬೇರೆ ಮದ್ದು ಬೇಕಾದ ಈ ಎರಡು ಕಾಯಿಲೆಗಳನ್ನು ಒಂದೇ ಮುಸುಕಿನಲ್ಲಿ ಸುತ್ತಿಟ್ಟಿತ್ತು. ಮೂರನೆಯ ಕಾಯಿಲೆಯೊಂದಿದ್ದರೆ, ಅಂದರೆ ಮೊದಲು ಬರುವ ನೀರು ಕಲಕಾಗಿ, ವಾಸನೆಯಿಂದ ಕೂಡಿದ್ದರೆ, ಅರ್ಜಿಯ ಮೊದಲ ಸಾಲು ಅದೇ ಆಗಬೇಕು. ಬಿಟ್ಟು ಬಿಟ್ಟು ನೀರು ಹರಿಯುವ ಪೈಪು ನಡುವೆ ಖಾಲಿಯಾದಾಗ ಬಿರುಕುಗಳ ಮೂಲಕ ಸುತ್ತಲಿನ ಕೊಳೆಯನ್ನು ಒಳಗೆಳೆದುಕೊಳ್ಳಬಲ್ಲದು. 2008ರಿಂದ ಕೆಲವು ಪ್ರದೇಶಗಳಲ್ಲಿ ಇಡೀ ದಿನದ ಸರಬರಾಜು ಶುರುವಾದ ಹುಬ್ಬಳ್ಳಿ–ಧಾರವಾಡದಲ್ಲಿ ಎರಡೂ ಬಗೆಯ ನಲ್ಲಿಗಳ ನೀರನ್ನು ಹೋಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು; ಸರದಿಯ ನೀರಿನಲ್ಲಿಯೇ ಮಾಲಿನ್ಯ ಹೆಚ್ಚು ಕಂಡುಬಂದಿತ್ತು.

ಬಕೆಟ್ಟಿನ ಲೆಕ್ಕವನ್ನು ಯಾರೂ ಹಗುರವಾಗಿ ಕಾಣಬಾರದು. ಮೂರು ನಿಮಿಷಕ್ಕೆ 15 ಲೀಟರ್ ಎಂದರೆ ನಿಮಿಷಕ್ಕೆ 5 ಲೀಟರ್, 40 ನಿಮಿಷಕ್ಕೆ 200 ಲೀಟರ್. ನಡುವಿನ ಸರದಿ ತಪ್ಪಿದಾಗ ಐದು ಜನರ ಮನೆ ಅದರಲ್ಲಿ ಆರು ದಿನ ಕಳೆಯಬೇಕು. ತಲೆಗೆ ದಿನಕ್ಕೆ 7 ಲೀಟರೂ ಬೀಳುವುದಿಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 1999ರ ನೀರು ಸರಬರಾಜು ಕೈಪಿಡಿ ಒಳಚರಂಡಿ ಇಲ್ಲದ, ನಲ್ಲಿ ನೀರಿನ ಊರುಗಳಿಗೂ ತಲೆಗೆ ದಿನಕ್ಕೆ 70 ಲೀಟರ್, ಒಳಚರಂಡಿ ಇರುವ ನಗರಗಳಿಗೆ 135 ಲೀಟರ್ ಎಂದು ಅಳತೆ ಇಟ್ಟಿತ್ತು. ‘ತುಂಬಾ ತೊಂದರೆ’, ‘ಹೇಳತೀರದ ಸಂಕಟ’ ಎಂಬ ಮಾತುಗಳನ್ನು ಓದಿ ಓದಿ ಕಚೇರಿಯ ಕಣ್ಣು ಮರಗಟ್ಟಿದೆ. ಏಳು ಲೀಟರ್ ಎಂಬುದನ್ನು ಓದಿದವರು ತಮ್ಮ ಮನೆಯ ಸ್ನಾನದ ಬಕೆಟ್ಟನ್ನು ನೆನೆಯದೆ ಇರಲಾರರು.

ಈಗ ಮರ್ಯಾದೆಯ ಪ್ರಶ್ನೆ. ಹಳೆಯ ಮಾದರಿಯನ್ನು ಬಿಟ್ಟರೆ ವಿನಯ ಬಿಟ್ಟಂತೆ ಎನ್ನುವವರು ಕನ್ನಡದ ವಿನಯ ಎಲ್ಲಿದೆ ಎಂಬುದನ್ನು ಮರೆತಿದ್ದಾರೆ. ಅದು ನಮ್ಮ ಕ್ರಿಯಾಪದದಲ್ಲೇ ಇದೆ. ‘ಮಾಡು’ ಎನ್ನುವ ಬದಲು ‘ಮಾಡಿ’ ಎಂದಾಗಲೇ ಗೌರವ ಬಂತು, ‘ಮಾಡಿಸಿಕೊಡಿ’ ಎಂದಾಗ ಕೋರಿಕೆಯ ಮೆದುವೂ ಬಂತು. ‘ತಾವು’ ಎಂಬುದು ತಾನೇ ಗೌರವದ ಬಹುವಚನವಾಗಿರುವಾಗ ‘ತಾವುಗಳು’ ಎಂದು ಇನ್ನೊಂದು ಬಹುವಚನ ಹೇರಿದರೆ ಗೌರವ ಇಮ್ಮಡಿಯಾಗುವುದಿಲ್ಲ, ವ್ಯಾಕರಣ ಕೆಡುತ್ತದೆ ಅಷ್ಟೆ. ‘ದಯಾಳುಗಳಾದ ತಾವು’ ಎಂಬುದಂತೂ ಇಬ್ಬರಿಗೂ ಅವಮಾನ. ತೆರಿಗೆ ಕಟ್ಟಿ ನಲ್ಲಿ ಹಾಕಿಸಿಕೊಂಡವರು ಭಿಕ್ಷೆ ಬೇಡುವವರಾಗುತ್ತಾರೆ. ಕರ್ತವ್ಯ ಮಾಡುವ ಅಧಿಕಾರಿ ದಾನ ಕೊಡುವ ದೊರೆಯಾಗುತ್ತಾರೆ. ದೊರೆಯ ದಯೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಕರ್ತವ್ಯ ಹಾಗಲ್ಲ. ಮೇಲಿನ ಅರ್ಜಿಯ ಸಭ್ಯತೆ ಬೇರೆ ಕಡೆ ಇದೆ. ಆರು ಸಲ ನೀರು ಬಂದದ್ದನ್ನು ಅದು ಮುಚ್ಚಿಡಲಿಲ್ಲ. ಯಾರ ಮೇಲೂ ಲಂಚದ, ಸೋಮಾರಿತನದ ಆರೋಪ ಹೊರಿಸಲಿಲ್ಲ. ಸರದಿಯೇ ಬದಲಾಗಿರಬಹುದು ಎಂದು ಕಚೇರಿಯ ಕಡೆಯ ಸಾಧ್ಯತೆಗೂ ಜಾಗ ಬಿಟ್ಟಿತು. ಸ್ಥಳಕ್ಕೆ ಬರುವವರ ಜೊತೆ ನಿಲ್ಲುತ್ತೇವೆ ಎಂದು ತನ್ನ ಪಾಲಿನ ಶ್ರಮವನ್ನು ಒಪ್ಪಿಕೊಂಡಿತು. ಮುಖ್ಯವಾಗಿ, ಓದುವವರ ಹೊತ್ತನ್ನು ಹಾಳುಮಾಡಲಿಲ್ಲ. ದಿನಕ್ಕೆ ಹತ್ತಾರು ಕಾಗದ ಓದಬೇಕಾದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಸರಳ ಮಾತಿಗೆ ಕಾನೂನಿನ ಬಲವಿಲ್ಲ ಎಂಬ ಭಯವೂ ಇದೆ. ‘ಸದರಿ’, ‘ಮೇಲ್ಕಂಡ’, ‘ಸರಬರಾಜು ಆಗಿರುವುದಿಲ್ಲ’ ಎಂದು ಬರೆಯದಿದ್ದರೆ ಅರ್ಜಿ ಊರ್ಜಿತವಲ್ಲ ಎಂಬ ಭಾವನೆ. ಆದರೆ ರಾಜ್ಯದ 1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆಯಾಗಿಸಿತು. ಅದು ಹೇಳಿದ್ದು ಕನ್ನಡ ಎಂದು, ಕಚೇರಿಗೆಂದೇ ಬೇರೊಂದು ಕನ್ನಡ ಎಂದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಹಿತಿ ಕೇಳುವವರು ಕಾರಣ ಕೊಡಬೇಕಾಗಿಲ್ಲ, ಯಾವ ಮಾಹಿತಿ ಬೇಕು ಎಂಬುದರ ವಿವರ ಕೊಟ್ಟರೆ ಸಾಕು ಎಂದಿತು. ಅಲ್ಲಿ ಕಾನೂನು ಕೇಳುವುದು ವಿವರವನ್ನು, ಪ್ರಾರ್ಥನೆಯನ್ನಲ್ಲ. ‘ನೀರು ಬಂದಿಲ್ಲ’ ಎಂಬ ಎರಡು ಪದಗಳಿಗಿಂತ ‘ನೀರು ಸರಬರಾಜು ಆಗಿರುವುದಿಲ್ಲ’ ಎಂಬುದು ಹೆಚ್ಚೇನನ್ನೂ ಹೇಳುವುದಿಲ್ಲ.

ಇದೆಲ್ಲ ಓದುಬರಹ ಬಲ್ಲವರಿಗೆ ಸರಿ, ಬರೆಯಲು ಬಾರದವರಿಗೆ ಸಿದ್ಧ ಮಾದರಿಯೇ ಊರುಗೋಲು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಅದು ಹೇಳಬೇಕಾದದ್ದನ್ನು ತಲೆಕೆಳಗು ಮಾಡಿ ಹೇಳುತ್ತದೆ. ಯಾವ ದಿನ ನೀರು ಬಂತು, ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಕೊಡ ತುಂಬಿತು ಎಂಬುದು ಆ ಮನೆಯಲ್ಲಿ ನೀರು ಹಿಡಿಯುವ ಹೆಂಗಸಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತು. ಆ ಕಾರಣಕ್ಕೆ ಕೂಲಿ ತಪ್ಪಿದ ದಿನವೂ ಗೊತ್ತು. ಅರ್ಜಿಗೆ ಬೇಕಾದದ್ದೆಲ್ಲ ಅವಳ ಬಾಯಲ್ಲೇ ಇದೆ. ಅವಳಿಗೆ ಬಾರದ್ದು ‘ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದು. ಬರೆದುಕೊಡುವವರು ಅವಳ ಮಾತನ್ನು ಒರೆಸಿ ಅದರ ಮೇಲೆ ಮಾದರಿ ವಾಕ್ಯ ಬರೆದಾಗ ಅವಳಲ್ಲಿದ್ದ ಸಾಕ್ಷ್ಯ ಅಳಿದುಹೋಗುತ್ತದೆ. ಅವಳು ಹೇಳಿದ್ದನ್ನು ಹೇಳಿದಂತೆ ಬರೆದುಕೊಟ್ಟರೆ ಸಾಕು.

ಕೊನೆಯ ಆಕ್ಷೇಪ ನಿರಾಶೆಯದು: ಹೇಗೆ ಬರೆದರೇನು, ಕೆಲಸ ಆಗುವುದು ಕೌನ್ಸಿಲರ್ ಹೇಳಿದರೆ, ಇಲ್ಲವೇ ಖಾಲಿ ಕೊಡ ಹಿಡಿದು ರಸ್ತೆಗೆ ಇಳಿದರೆ. ಒಳ್ಳೆಯ ಅರ್ಜಿ ಬತ್ತಿದ ಕೊಳವೆಬಾವಿಯಲ್ಲಿ ನೀರು ತರಲಾರದು, ಸಣ್ಣ ಪೈಪನ್ನು ದೊಡ್ಡದು ಮಾಡಲಾರದು. ಅದಕ್ಕೆ ಹಣ, ಯೋಜನೆ, ಕಾಲ ಬೇಕು. ಈ ಮಿತಿಯನ್ನು ಒಪ್ಪುತ್ತೇನೆ. ಆದರೆ ಕೌನ್ಸಿಲರ್ ಸಭೆಯಲ್ಲಿ ಮಾತಾಡಬೇಕಾದರೆ ಅವರ ಕೈಯಲ್ಲೂ ನಾಲ್ಕು ದಿನಾಂಕ ಇರಬೇಕು. ಪ್ರತಿಭಟನೆಗೆ ಬಂದವರನ್ನು ‘ನೀರು ಬಿಡುತ್ತಿದ್ದೇವಲ್ಲ’ ಎಂದು ಅಧಿಕಾರಿ ಕೇಳಿದಾಗ ಉತ್ತರಕ್ಕೂ ಅವೇ ಬೇಕು. ಉತ್ತರವೇ ಬಾರದಿದ್ದರೆ ‘ಜೂನ್ 7, 13, 19, 25ರಂದು ಈ ರಸ್ತೆಗೆ ನೀರು ಬಿಟ್ಟ ದಾಖಲೆಯ ಪ್ರತಿ ಕೊಡಿ’ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. 30 ದಿನದೊಳಗೆ ಉತ್ತರಿಸಲೇಬೇಕು. ‘ಸರಿಯಾಗಿ ಬಿಡದ್ದಕ್ಕೆ ದಾಖಲೆ ಕೊಡಿ’ ಎಂದು ಯಾರೂ ಕೇಳಲಾರರು. ಸ್ಪಷ್ಟ ಅರ್ಜಿಗೆ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬ ಹಿಂಬರಹ ಬಂದರೂ ಅದು ಉತ್ತರವಲ್ಲ ಎಂಬುದು ಕಾಗದದ ಮೇಲೇ ಕಾಣುತ್ತದೆ.

ಆದ್ದರಿಂದ ಪತ್ರಲೇಖನ ಕಲಿಸುವ ಶಿಕ್ಷಕರಲ್ಲಿ ಒಂದು ಕೋರಿಕೆ. ‘ಇಂದ’, ‘ಗೆ’, ‘ವಿಷಯ’ ಎಂಬ ಚೌಕಟ್ಟಿಗೆ ಅಂಕ ಕೊಡಿ, ಬೇಡವೆನ್ನುವುದಿಲ್ಲ. ಆದರೆ ದಿನಾಂಕವಿಲ್ಲದ, ರಸ್ತೆಯ ಹೆಸರಿಲ್ಲದ, ಏನು ಮಾಡಬೇಕೆಂದು ಹೇಳದ ಅರ್ಜಿಗೆ ಅಂಕ ಕಳೆಯಿರಿ. ‘ದಯಾಳುಗಳಾದ ತಾವು’ ಎಂಬುದನ್ನು ಮಕ್ಕಳ ಪುಸ್ತಕದಿಂದ ಹೊಡೆದುಹಾಕಿ. ಓದುಗರಲ್ಲಿ ಕೇಳುವುದು ಇನ್ನೂ ಸಣ್ಣದು. ಮುಂದಿನ ಸರದಿಯ ದಿನ ನೀರು ಬಂದ ಹೊತ್ತು, ನಿಂತ ಹೊತ್ತು ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಬಾರದಿದ್ದರೆ ‘ಬಂದಿಲ್ಲ’ ಎಂದು ಬರೆಯಿರಿ. ಒಂದು ತಿಂಗಳು ಕಳೆದ ಮೇಲೆ ಆ ಹಾಳೆಯನ್ನು ನೋಡಿಕೊಂಡು, ಮನೆಗೆ ಬಂದ ಹಿರಿಯರೊಬ್ಬರಿಗೆ ಹೇಳುವಂತೆ ಅದನ್ನೇ ಅರ್ಜಿಯಾಗಿ ಬರೆಯಿರಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ.